ಒಂದೇ ಹಾಳೆ, ಮೂರು ಶ್ರುತಿ: ಶಾಲಾ ಬ್ಯಾಂಡ್‌ನ ಕ್ಲಾರಿನೆಟ್, ಟ್ರಂಪೆಟ್‌ಗಳಿಗೆ ಸ್ವರ ಬರೆಯುವುದು ಹೇಗೆ?

ಚಿಂತಾಮಣಿ ಮೇಷ್ಟ್ರು

ನಾನು ಚಿಂತಾಮಣಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹಾರ್ಮೋನಿಯಂ ಬರುತ್ತದೆ ಎಂಬ ಕಾರಣಕ್ಕೆ ಬ್ಯಾಂಡ್‌ನ ಹೊಣೆಯೂ ನನ್ನದೇ. ಈ ವರ್ಷ ದಾನಿಯೊಬ್ಬರು ನಾಲ್ಕು ಕ್ಲಾರಿನೆಟ್, ಎರಡು ಟ್ರಂಪೆಟ್, ಒಂದು ಆಲ್ಟೊ ಸ್ಯಾಕ್ಸೊಫೋನ್ ಕೊಟ್ಟಿದ್ದಾರೆ. ನವೆಂಬರ್ 1ಕ್ಕೆ ಇಪ್ಪತ್ತು ಮಕ್ಕಳು ಹಾಡುವ ಗೀತೆಯೊಂದಕ್ಕೆ ಇವುಗಳನ್ನು ಜೊತೆಗೂಡಿಸಬೇಕು. ಧಾಟಿ ನನ್ನದೇ, ಮೋಹನ ರಾಗ. ಮಕ್ಕಳು ಬಿಳಿ ಎರಡರಲ್ಲಿ, ಅಂದರೆ ಡಿ ಸ್ವರವನ್ನು ಷಡ್ಜವಾಗಿಟ್ಟುಕೊಂಡು ಹಾಡುತ್ತಾರೆ. ಕೆಳಗೆ ಮಂದ್ರ ಪಂಚಮ, ಮೇಲೆ ತಾರ ಷಡ್ಜ. ಅದರಾಚೆ ಹೋಗುವುದಿಲ್ಲ.

ಕೀಬೋರ್ಡಿಗೆ ಬರೆದ ಐದು ಗೆರೆಯ ಹಾಳೆಯನ್ನೇ ನಕಲು ಮಾಡಿಸಿ ಎಲ್ಲರಿಗೂ ಹಂಚಿದೆ. ನುಡಿಸಿದಾಗ ಕೇಳಲಾಗಲಿಲ್ಲ. ಒಬ್ಬೊಬ್ಬರಿಂದ ಬರೀ ಷಡ್ಜ ನುಡಿಸಿ ಮೊಬೈಲಿನ ಶ್ರುತಿಮಾಪಕದಲ್ಲಿ ನೋಡಿದೆ. ಕೀಬೋರ್ಡ್ ಡಿ, ಕ್ಲಾರಿನೆಟ್ ಮತ್ತು ಟ್ರಂಪೆಟ್ ಸಿ, ಸ್ಯಾಕ್ಸೊಫೋನ್ ಎಫ್ ತೋರಿಸಿತು. ಕ್ಲಾರಿನೆಟ್ ‘ಬಿ-ಫ್ಲಾಟ್ ವಾದ್ಯ’, ಒಂದು ಪೂರ್ಣ ಸ್ವರ ಕೆಳಗೆ ಎಂದು ಯಾರೋ ಹೇಳಿದರು. ಹಾಗಾಗಿ ಹಾಳೆಯನ್ನೂ ಒಂದು ಸ್ವರ ಕೆಳಗಿಳಿಸಿ ಸಿ ಇಂದ ಬರೆದೆ. ಈಗ ಕ್ಲಾರಿನೆಟ್‌ನಿಂದ ಬಿ-ಫ್ಲಾಟ್ ಕೇಳುತ್ತಿದೆ, ಅಂತರ ಇನ್ನೂ ಹೆಚ್ಚಾಯಿತು. ವಾದ್ಯಗಳಲ್ಲೇ ದೋಷವಿದೆಯೇ? ಅಂಗಡಿಯವರು ಬಾಯಿಭಾಗವನ್ನು ಸ್ವಲ್ಪ ಎಳೆದು ಸರಿಮಾಡಿಕೊಳ್ಳಿ ಎನ್ನುತ್ತಾರೆ.

ಕೋಲಾರದ ಗಾಯಕಿ

ಮೇಷ್ಟ್ರೇ, ಈ ಎ ಬಿ ಸಿ ಡಿಗಳ ಗೊಡವೆಯೇ ಬೇಡ. ನಮ್ಮ ಪದ್ಧತಿಯಲ್ಲಿ ಷಡ್ಜಕ್ಕೆ ನಿಗದಿತ ಜಾಗವಿಲ್ಲ. ‘ಸ ರಿ ಗ ಪ ದ’ ಎಂದು ಕನ್ನಡದಲ್ಲಿ ಬರೆದುಕೊಡಿ. ನಾನು ಹಾಡುವುದು ಬಿಳಿ ಐದರಲ್ಲಿ, ನನ್ನ ತಮ್ಮ ಹಾಡುವುದು ಬಿಳಿ ಒಂದರಲ್ಲಿ, ಇಬ್ಬರಿಗೂ ಪುಸ್ತಕ ಒಂದೇ. ಕದ್ರಿ ಗೋಪಾಲನಾಥರು ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ್ದು ಹೀಗೆ ಕೋಷ್ಟಕ ಹಾಕಿಕೊಂಡೇ?

ಗೌರಿಬಿದನೂರು ಕೀಬೋರ್ಡ್

ಇದಕ್ಕೆ ಇಷ್ಟೊಂದು ಯೋಚನೆ ಏಕೆ ಸರ್? ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇದೆ. ಅದನ್ನು ಮೈನಸ್ ಎರಡಕ್ಕೆ ಇಟ್ಟು ಮೊದಲಿನ ಹಾಳೆಯನ್ನೇ ನುಡಿಸಿ. ಕೀಬೋರ್ಡೂ ಸಿ ಆಗುತ್ತದೆ, ಕ್ಲಾರಿನೆಟ್ಟೂ ಸಿ. ನಾನು ಆರ್ಕೆಸ್ಟ್ರಾದಲ್ಲಿ ಹೀಗೆಯೇ ಮಾಡುವುದು, ಒಂದು ದಿನವೂ ತೊಂದರೆಯಾಗಿಲ್ಲ.

ತುಮಕೂರು ನಿವೃತ್ತ ಬ್ಯಾಂಡ್ ವಾದಕ

ಮೇಷ್ಟ್ರೇ, ನಿಮ್ಮ ವಾದ್ಯಗಳು ಸರಿಯಾಗಿಯೇ ಇವೆ. ನೀವು ತೆಗೆದುಕೊಂಡ ಅಳತೆಯೇ ಅದಕ್ಕೆ ಸಾಕ್ಷಿ. ನಾನು ಇಪ್ಪತ್ತೆರಡು ವರ್ಷ ಸೈನ್ಯದ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸಿದವನು. ಬಾಯಿಭಾಗದ ಕೆಳಗಿನ ತುಂಡನ್ನು ಎಳೆಯುವುದು ಕೂದಲೆಳೆಯಷ್ಟು ವ್ಯತ್ಯಾಸ ಸರಿಪಡಿಸಲು, ಅದೂ ಶ್ರುತಿ ಏರಿದ್ದರೆ ಇಳಿಸಲು. ಪೂರ್ಣ ಸ್ವರದ ಅಂತರ ಅದರಿಂದ ತುಂಬುವುದಿಲ್ಲ.

ವಾದ್ಯದ ಹೆಸರಿನ ಜೊತೆಗಿರುವ ಅಕ್ಷರ ಹೇಳುವುದು ಒಂದೇ ಸಂಗತಿ: ಹಾಳೆಯಲ್ಲಿ ‘ಸಿ’ ಎಂದಿರುವುದನ್ನು ನುಡಿಸಿದಾಗ ಕಿವಿಗೆ ಬೀಳುವ ಸ್ವರ ಯಾವುದು ಎಂದು. ಬಿ-ಫ್ಲಾಟ್ ಕ್ಲಾರಿನೆಟ್ ಮತ್ತು ಟ್ರಂಪೆಟ್‌ಗಳಲ್ಲಿ ಬಿ-ಫ್ಲಾಟ್ ಬೀಳುತ್ತದೆ. ಕಪ್ಪು ಬಿಳಿ ಎರಡನ್ನೂ ಎಣಿಸಿದರೆ ಹಾರ್ಮೋನಿಯಮ್ಮಿನ ಎರಡು ಮನೆ ಕೆಳಗೆ. ಆಲ್ಟೊ ಸ್ಯಾಕ್ಸೊಫೋನ್ ಇ-ಫ್ಲಾಟ್ ವಾದ್ಯ. ಅದರಲ್ಲಿ ಬೀಳುವುದು ಒಂಬತ್ತು ಮನೆ ಕೆಳಗಿನ ಇ-ಫ್ಲಾಟ್. ನೀವು ಡಿ ಬರೆದುಕೊಟ್ಟಿರಿ, ಡಿ ಇಂದ ಎರಡು ಮನೆ ಇಳಿದರೆ ಸಿ, ಒಂಬತ್ತು ಮನೆ ಇಳಿದರೆ ಎಫ್. ನಿಮ್ಮ ಮಾಪಕ ತೋರಿಸಿದ್ದು ಅದನ್ನೇ.

ಬರೆದದ್ದಕ್ಕಿಂತ ಎರಡು ಮನೆ ಕೆಳಗೆ ಕೇಳುವ ವಾದ್ಯದಿಂದ ಡಿ ಬರಬೇಕಾದರೆ ಹಾಳೆಯಲ್ಲಿ ಎರಡು ಮನೆ ಮೇಲೆ, ಅಂದರೆ ಇ ಬರೆಯಬೇಕು. ವಾದ್ಯ ಇಳಿಸುವುದನ್ನು ಲೇಖನಿ ಮೊದಲೇ ಏರಿಸಿಡಬೇಕು. ನೀವು ವಾದ್ಯದ ಜೊತೆಗೇ ಇಳಿದಿರಿ, ಅದಕ್ಕೇ ಎರಡು ಮನೆಯ ಅಂತರ ನಾಲ್ಕಾಯಿತು. ಮುಂದೆ ಎಲ್ಲಾದರೂ ಎಡವಟ್ಟಾದರೆ ಅಂತರವನ್ನೇ ನೋಡಿ. ಕ್ಲಾರಿನೆಟ್ ಎರಡು ಮನೆ ಕೆಳಗೆ ಕೇಳಿದರೆ ಹಾಳೆಯನ್ನು ಬದಲಿಸಿಯೇ ಇಲ್ಲ. ನಾಲ್ಕು ಮನೆ ಕೆಳಗೆ ಕೇಳಿದರೆ ತಿರುಗುಮುರುಗಾಗಿ ಬದಲಿಸಿದ್ದೀರಿ. ಎರಡು ಮನೆ ಮೇಲೆ ಕೇಳಿದರೆ ಎರಡು ಸಲ ಬದಲಿಸಿದ್ದೀರಿ.

ಕೀಬೋರ್ಡಿನ ತಮ್ಮ ಹೇಳಿದ ಉಪಾಯ ಕ್ಲಾರಿನೆಟ್, ಟ್ರಂಪೆಟ್‌ಗಳ ಮಟ್ಟಿಗೆ ನಿಜ. ಆದರೆ ಆಗ ಹಾಡುವ ಮಕ್ಕಳೂ ಸಿ ಗೆ ಇಳಿಯಬೇಕು. ಅವರ ಮಂದ್ರ ಪಂಚಮ ಇನ್ನೂ ಕೆಳಗೆ ಹೋಗಿ ಮಾತೇ ಕೇಳಿಸದಂತಾಗುತ್ತದೆ. ಸ್ಯಾಕ್ಸೊಫೋನ್ ಎಫ್‌ನಲ್ಲೇ ಉಳಿಯುತ್ತದೆ. ಗುಂಡಿ ಒಂದೇ, ಅಂತರಗಳು ಎರಡು ಬಗೆಯವು.

ಶಿರಾ ಕ್ಲಾರಿನೆಟ್

ನಮ್ಮದು ಮದುವೆ, ಉತ್ಸವಗಳ ಬ್ಯಾಂಡ್. ನಮ್ಮಲ್ಲಿ ಹಾಳೆ ಓದುವವರು ಇಲ್ಲ. ಹಾಡುವವರು ‘ಜಿ ಕೊಡಿ’ ಎಂದರೆ ನಾನು ಎ ಹಿಡಿಯುತ್ತೇನೆ. ಪಕ್ಕದಲ್ಲಿರುವ ಆಲ್ಟೊ ಸ್ಯಾಕ್ಸ್‌ನವರು ಇ ಹಿಡಿಯುತ್ತಾರೆ. ನನಗೆ ‘ಎರಡು ಮೇಲೆ’, ಅವರಿಗೆ ‘ಮೂರು ಕೆಳಗೆ’ ಎಂದು ನಮ್ಮ ತಂದೆ ಕಲಿಸಿದ್ದು. ಒಂಬತ್ತು ಎಣಿಸುವ ಕಷ್ಟ ಬೇಕಿಲ್ಲ, ಸ್ವರದ ಹೆಸರು ಒಂದೇ ಬರುತ್ತದೆ. ಮಕ್ಕಳಿಗೂ ಇದನ್ನೇ ಕಲಿಸಿ. ಹಾಳೆಯನ್ನು ನಂಬಿದವರು ಹಾಳೆ ಹಾರಿಹೋದ ದಿನ ನಿಂತುಬಿಡುತ್ತಾರೆ.

ತುಮಕೂರು ನಿವೃತ್ತ ಬ್ಯಾಂಡ್ ವಾದಕ

ಶಿರಾದವರ ಲೆಕ್ಕ ಸರಿ. ಡಿ ಇಂದ ಮೂರು ಮನೆ ಇಳಿದರೆ ಬಿ, ಒಂಬತ್ತು ಏರಿದರೂ ಬಿ. ಆದರೆ ಬರೆಯುವಾಗ ಮೇಲಿನ ಬಿ ಬರೆಯಬೇಕು. ಕೆಳಗಿನದನ್ನು ಬರೆದರೆ ಸ್ಯಾಕ್ಸ್ ಒಂದು ಸ್ಥಾಯಿ ಕೆಳಗೆ ಗುಡುಗುತ್ತದೆ.

ಗಾಯಕಿ ಅಮ್ಮನವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಇಂಥ ವಾದ್ಯಗಳ ಹಾಳೆಯಲ್ಲಿರುವ ‘ಸಿ’ ಒಂದು ರೀತಿಯಲ್ಲಿ ನಿಮ್ಮ ಷಡ್ಜದ ಹಾಗೆಯೇ. ಅದು ಬೆರಳಿನ ಹೆಸರು, ನಾದದ ಹೆಸರಲ್ಲ. ಪಾಶ್ಚಾತ್ಯ ವಾದ್ಯವೃಂದದ ಕ್ಲಾರಿನೆಟ್ ವಾದಕರು ಬಿ-ಫ್ಲಾಟ್ ಒಂದು, ಎ ಒಂದು, ಹೀಗೆ ಎರಡು ವಾದ್ಯ ಇಟ್ಟುಕೊಳ್ಳುತ್ತಾರೆ. ಎರಡಕ್ಕೂ ಬೆರಳು ಒಂದೇ. ಆಲ್ಟೊ ಕಲಿತವನು ಟೆನರ್ ಸ್ಯಾಕ್ಸೊಫೋನ್ ಹಿಡಿದರೂ ಹಾಳೆ ನೋಡಿ ಅದೇ ಬೆರಳಿಡುತ್ತಾನೆ. ವಾದಕ ಮನಸ್ಸಿನಲ್ಲೇ ಲೆಕ್ಕ ಹಾಕುವ ಬದಲು ಬರೆಯುವವನು ಒಮ್ಮೆ ಹಾಕಿಡಲಿ ಎಂಬುದು ಈ ಏರ್ಪಾಡಿನ ತಿರುಳು. ಸರಿಗಮದಲ್ಲಿ ಬರೆದರೂ ಕ್ಲಾರಿನೆಟ್‌ನ ಮಗುವಿಗೆ ‘ನಿನ್ನ ಷಡ್ಜ ಇ ಬೆರಳು’ ಎಂದು ಯಾರಾದರೂ ಹೇಳಲೇಬೇಕಲ್ಲ? ಅದೇ ಲೆಕ್ಕ ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ.

ಕೋಲಾರದ ಗಾಯಕಿ

ಬೆರಳಿನ ಹೆಸರು ಎಂದಾಗ ನನಗೆ ಅರ್ಥವಾಯಿತು. ಆದರೂ ಸರಿಗಮದಲ್ಲಿ ಕಲಿತ ಮಗು ಮುಂದೆ ಯಾವ ಶ್ರುತಿಗಾದರೂ ಹೊಂದಿಕೊಳ್ಳುತ್ತದೆ, ಐದು ಗೆರೆಯಲ್ಲಿ ಕಲಿತ ಮಗುವಿಗೆ ಅದು ಕಷ್ಟ ಎಂಬ ನನ್ನ ನಂಬಿಕೆಯನ್ನು ಬಿಡಲಾರೆ.

ಚಿಂತಾಮಣಿ ಮೇಷ್ಟ್ರು

ಗುರುಗಳೇ, ನೀವು ಹೇಳಿದಂತೆ ಬರೆದು ನೋಡಿದೆ. ಡಿ ಶ್ರುತಿಯ ಮೋಹನ ಕೀಬೋರ್ಡಿನಲ್ಲಿ ಡಿ, ಇ, ಎಫ್-ಶಾರ್ಪ್, ಎ, ಬಿ. ಕ್ಲಾರಿನೆಟ್‌ಗೆ ಇ, ಎಫ್-ಶಾರ್ಪ್, ಜಿ-ಶಾರ್ಪ್, ಬಿ, ಸಿ-ಶಾರ್ಪ್ ಆಯಿತು. ಸ್ಯಾಕ್ಸೊಫೋನಿಗೆ ಬಿ, ಸಿ-ಶಾರ್ಪ್, ಡಿ-ಶಾರ್ಪ್, ಎಫ್-ಶಾರ್ಪ್, ಜಿ-ಶಾರ್ಪ್. ಷಡ್ಜ ಈಗ ಎಲ್ಲರದೂ ಒಂದೇ ಕೇಳುತ್ತದೆ, ಅದನ್ನು ಕೇಳಿದಾಗ ಆದ ಸಂತೋಷವನ್ನು ಹೇಳಲಾರೆ. ಆದರೆ ವಾದ್ಯ ಹಿಡಿದು ಮೂರೇ ತಿಂಗಳಾದ ಮಕ್ಕಳು ಇಷ್ಟು ಶಾರ್ಪ್‌ಗಳ ನಡುವೆ ತಡವರಿಸುತ್ತಿದ್ದಾರೆ. ಸ್ಯಾಕ್ಸೊಫೋನಿನ ಹುಡುಗಿಗಂತೂ ಐದರಲ್ಲಿ ನಾಲ್ಕು ಸ್ವರಗಳು ಶಾರ್ಪ್. ಉಳಿದಿರುವುದು ಐದು ವಾರ.

ಕೆಜಿಎಫ್ ಓದುಗ

ಈ ಚರ್ಚೆ ನನಗಾಗಿಯೇ ಬಂದಂತಿದೆ. ನಮ್ಮ ತಾತನ ಕಾಲದ ಕ್ಲಾರಿನೆಟ್ ಒಂದು ಮನೆಯಲ್ಲಿದೆ. ಅದೂ ಕೀಬೋರ್ಡಿಗೆ ಸೇರುವುದಿಲ್ಲ. ಎರಡು ಮನೆ ಮೇಲೆ ಬರೆದು ನುಡಿಸಿದೆ, ಆದರೂ ಸೇರಲಿಲ್ಲ. ಎರಡೂವರೆ ಮನೆ ಬರೆಯುವುದು ಹೇಗೆ?

ತುಮಕೂರು ನಿವೃತ್ತ ಬ್ಯಾಂಡ್ ವಾದಕ

ಮೊದಲು ಮೇಷ್ಟ್ರಿಗೆ. ಮಕ್ಕಳ ಗಂಟಲಿಗೆ ಡಿ ಹಿತ ಎಂದಿರಿ. ಅದನ್ನು ಒಂದೇ ಒಂದು ಮನೆ ಏರಿಸಿ, ಕಪ್ಪು ಎರಡಕ್ಕೆ, ಅಂದರೆ ಇ-ಫ್ಲಾಟ್‌ಗೆ ತನ್ನಿ. ಅರ್ಧ ಸ್ವರವನ್ನು ಮಕ್ಕಳು ಗಮನಿಸುವುದೂ ಇಲ್ಲ. ಆಗ ಬದಲಾಗುವುದನ್ನು ನೋಡಿ. ಕೀಬೋರ್ಡಿಗೆ ಇ-ಫ್ಲಾಟ್, ಎಫ್, ಜಿ, ಬಿ-ಫ್ಲಾಟ್, ಸಿ. ಕ್ಲಾರಿನೆಟ್ ಮತ್ತು ಟ್ರಂಪೆಟ್‌ಗೆ ಎಫ್, ಜಿ, ಎ, ಸಿ, ಡಿ. ಸ್ಯಾಕ್ಸೊಫೋನಿಗೆ ಸಿ, ಡಿ, ಇ, ಜಿ, ಎ. ಊದುವ ಮಕ್ಕಳ ಹಾಳೆಗಳಲ್ಲಿ ಒಂದೂ ಶಾರ್ಪ್ ಇಲ್ಲ, ಫ್ಲಾಟ್ ಇಲ್ಲ. ಬ್ಯಾಂಡ್‌ಗೆ ಬರೆಯುವವರು ಬಿ-ಫ್ಲಾಟ್, ಇ-ಫ್ಲಾಟ್, ಎಫ್ ಶ್ರುತಿಗಳನ್ನು ಹುಡುಕಿಕೊಂಡು ಹೋಗುವುದು ಇದಕ್ಕಾಗಿಯೇ. ಕೀಬೋರ್ಡಿನ ತಮ್ಮನ ಗುಂಡಿಗೆ ಈಗ ನಿಜವಾದ ಕೆಲಸವಿದೆ. ಅದನ್ನು ಪ್ಲಸ್ ಒಂದಕ್ಕೆ ಇಟ್ಟರೆ ಕೀಬೋರ್ಡಿನ ಮಗು ಹಳೆಯ ಡಿ ಹಾಳೆಯನ್ನೇ ನುಡಿಸಬಹುದು.

ಹೆಸರು ಸರಿಹೋದರೆ ಮುಗಿಯಲಿಲ್ಲ, ಸ್ಥಾಯಿಯನ್ನೂ ನೋಡಬೇಕು. ಕ್ಲಾರಿನೆಟ್‌ನಲ್ಲಿ ಬರೆದ ನಡು ಸ್ಥಾಯಿಯ ಎ ಮತ್ತು ಬಿ-ಫ್ಲಾಟ್‌ಗಳಲ್ಲಿ ರಂಧ್ರಗಳೆಲ್ಲ ಬಹುತೇಕ ತೆರೆದಿರುತ್ತವೆ. ಮುಂದಿನ ಬಿ ಬರಬೇಕಾದರೆ ಎಲ್ಲ ಬೆರಳುಗಳನ್ನೂ ಒಮ್ಮೆಗೇ ಮುಚ್ಚಿ ಹೆಬ್ಬೆರಳಿನ ಕೀಲಿಯನ್ನೂ ಒತ್ತಬೇಕು. ಒಂದು ರಂಧ್ರ ಸ್ವಲ್ಪ ಸೋರಿದರೂ ಕೀರಲು ದನಿ ಬರುತ್ತದೆ. ನಿಮ್ಮ ಧಾಟಿಯಲ್ಲಿ ಗಾಂಧಾರ ಎ ಮೇಲೆ, ಪಂಚಮ ಸಿ ಮೇಲೆ ಬೀಳುತ್ತದೆ. ಗ ಇಂದ ಪ ಕ್ಕೆ ಹೋಗುವ ಪ್ರತಿ ಸಲ ಮಕ್ಕಳು ಈ ಹೊಸ್ತಿಲನ್ನು ದಾಟಬೇಕು.

ನಾನಾಗಿದ್ದರೆ ಹೊಸ್ತಿಲು ದಾಟಲು ಬರುವ ಇಬ್ಬರಿಗೆ ಧಾಟಿಯನ್ನು ಹಾಗೆಯೇ ಕೊಡುತ್ತೇನೆ. ಉಳಿದ ಇಬ್ಬರಿಗೆ ಒಂದು ಸ್ಥಾಯಿ ಕೆಳಗೆ ಬರೆಯುತ್ತೇನೆ. ಅಲ್ಲಿ ಷಡ್ಜದಿಂದ ತಾರ ಷಡ್ಜದವರೆಗೆ ಹೊಸ್ತಿಲೇ ಇಲ್ಲ. ಒಂದು ಎಚ್ಚರಿಕೆ: ಬಿ-ಫ್ಲಾಟ್ ಕ್ಲಾರಿನೆಟ್‌ನಲ್ಲಿ ಬರೆಯಬಹುದಾದ ಅತ್ಯಂತ ಕೆಳಗಿನ ಸ್ವರ ಇ, ಕೇಳುವುದು ಡಿ. ಒಂದು ಸ್ಥಾಯಿ ಇಳಿಸಿದರೆ ನಿಮ್ಮ ಮಂದ್ರ ಪಂಚಮ, ಮಂದ್ರ ಧೈವತಗಳು ಸಿ ಮತ್ತು ಡಿ ಗೆ ಹೋಗಿ ವಾದ್ಯದ ತಳ ಮೀರುತ್ತವೆ. ಆ ಸಾಲಿನಲ್ಲಿ ಮಾತ್ರ ಈ ಇಬ್ಬರೂ ಮೇಲಿನವರ ಜೊತೆ ಸೇರಿಕೊಳ್ಳಲಿ. ಟ್ರಂಪೆಟ್‌ನವರಿಗೆ ತಾರ ಷಡ್ಜ ಐದನೆಯ ಗೆರೆಯ ಎಫ್ ಆಗುತ್ತದೆ. ಕಾರ್ಯಕ್ರಮದ ಕೊನೆಯ ಹೊತ್ತಿಗೆ ತುಟಿ ದಣಿದಿದ್ದರೆ ಅದು ಜಾರುತ್ತದೆ. ಅಲ್ಲಿ ಅವರಿಗೆ ಪಂಚಮದಲ್ಲೇ ನಿಲ್ಲಲು ಹೇಳಿ.

ಕೆಜಿಎಫ್‌ನವರೇ, ನಿಮ್ಮದು ಬೇರೆಯೇ ಪ್ರಶ್ನೆ. ಹಾಳೆಯಲ್ಲಿ ಅರ್ಧ ಮನೆ ಬರೆಯಲಾಗುವುದಿಲ್ಲ. ಹಿಂದೆ ಬ್ರಿಟಿಷ್ ಬ್ಯಾಂಡ್‌ಗಳು ಎ ಸ್ವರವನ್ನು ಇಂದಿನ 440ರ ಬದಲು ಸುಮಾರು 452ರಲ್ಲಿ ಇಟ್ಟುಕೊಂಡಿದ್ದವು. ಆ ಲೆಕ್ಕಕ್ಕೆ ಮಾಡಿದ ವಾದ್ಯ ಇಂದಿನ ಕೀಬೋರ್ಡಿಗಿಂತ ಅರ್ಧ ಮನೆಗೆ ತುಸು ಕಡಿಮೆ ಏರಿರುತ್ತದೆ. ವಾದ್ಯದ ಮೇಲೆ `HP` ಅಥವಾ `LP` ಎಂಬ ಮುದ್ರೆ ಇದೆಯೇ ನೋಡಿ. ಮೊದಲನೆಯದು ಏರು ಶ್ರುತಿಯ ಗುರುತು. ನಾಲ್ಕೈದು ಸ್ವರಗಳನ್ನು ಮಾಪಕದಲ್ಲಿ ನೋಡಿ ತಿಳಿಸಿ.

ಮಾಲೂರು ತಂತ್ರಜ್ಞ

ಕಂಪ್ಯೂಟರಿನಲ್ಲಿ ಬರೆಯುವವರಿಗೆ ಒಂದು ಮಾತು. ನಾನು ಚರ್ಚ್ ಗಾಯನವೃಂದಕ್ಕೆ MuseScore ಬಳಸುತ್ತೇನೆ. ಕೆಳಪಟ್ಟಿಯಲ್ಲಿ `Concert pitch` ಎಂಬ ಗುಂಡಿ ಇದೆ. ಅದು ಆನ್ ಇದ್ದರೆ ಎಲ್ಲ ವಾದ್ಯಗಳ ಸಾಲಿನಲ್ಲೂ ಕೇಳುವ ಸ್ವರ ಕಾಣುತ್ತದೆ. ಆಫ್ ಮಾಡಿದರೆ ವಾದಕ ಓದಬೇಕಾದ ಸ್ವರ ಕಾಣುತ್ತದೆ. ಆನ್ ಇಟ್ಟು ಎಲ್ಲವನ್ನೂ ಕೀಬೋರ್ಡಿನಂತೆಯೇ ಬರೆದು, ಮುದ್ರಿಸುವ ಮೊದಲು ಆಫ್ ಮಾಡಿದರೆ ಲೆಕ್ಕವನ್ನು ಅದೇ ಮಾಡುತ್ತದೆ.

ನಾನು ಒಮ್ಮೆ ಗುಂಡಿ ಆನ್ ಇರುವುದನ್ನು ಗಮನಿಸದೆ, ಕೈಲೆಕ್ಕ ಮಾಡಿ ಎರಡು ಮನೆ ಏರಿಸಿಯೇ ಕ್ಲಾರಿನೆಟ್ ಸಾಲು ತುಂಬಿದೆ. ಮುದ್ರಿಸುವಾಗ ಅದು ಇನ್ನೂ ಎರಡು ಏರಿಸಿತು. ಗುರುಗಳು ಹೇಳಿದ ‘ಎರಡು ಸಲ’ ಇದೇ. ಹಾಡಿಸಿ ಕೇಳಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಆ ತಂತ್ರಾಂಶ ಹಾಡಿಸುವುದು ಯಾವಾಗಲೂ ಕೇಳುವ ಸ್ವರವನ್ನೇ, ಗುಂಡಿ ಹೇಗಿದ್ದರೂ ಸರಿ. ಆದರೆ ವಾದ್ಯವನ್ನು ಪಿಯಾನೊ ಎಂದೇ ಆರಿಸಿಕೊಂಡು ಕೈಯಿಂದ ಏರಿಸಿ ಬರೆದಿದ್ದರೆ ಹಾಳೆ ಸರಿಯಿದ್ದೂ ಹಾಡಿಸಿದಾಗ ತಪ್ಪಾಗಿ ಕೇಳುತ್ತದೆ. ಆಗ ಗಾಬರಿಯಾಗಿ ತಿದ್ದಲು ಹೋಗಬೇಡಿ.

ಶಿರಾ ಕ್ಲಾರಿನೆಟ್

ಗುರುಗಳ ಇ-ಫ್ಲಾಟ್ ಸಲಹೆ ಈ ಒಂದು ಹಾಡಿಗೆ ಒಳ್ಳೆಯದು. ಆದರೆ ನಾಳೆ ಹಾಡುವವರು ‘ಬಿಳಿ ಮೂರು’ ಎಂದರೆ ಈ ಮಕ್ಕಳು ಏನು ಮಾಡುತ್ತಾರೆ? ಸುಲಭದ ಹಾಳೆಯ ರೂಢಿಯಾದ ಕೈ ಕಷ್ಟದ ಬೆರಳುಗಳಿಗೆ ಹೋಗುವುದಿಲ್ಲ. ನನ್ನ ಮಗನಿಗೆ ನಾನು ಮೊದಲ ತಿಂಗಳಲ್ಲೇ ಹನ್ನೆರಡು ಮನೆಗಳಿಂದಲೂ ಮೋಹನ ನುಡಿಸಿದ್ದೇನೆ.

ತುಮಕೂರು ನಿವೃತ್ತ ಬ್ಯಾಂಡ್ ವಾದಕ

ನಿಮ್ಮ ಮಗ ದಿನಕ್ಕೆ ಎಷ್ಟು ಗಂಟೆ ನಿಮ್ಮ ಪಕ್ಕದಲ್ಲಿ ಕುಳಿತ? ಇಲ್ಲಿ ವಾರಕ್ಕೆ ಮೂರು ತರಗತಿ, ಏಳು ಮಕ್ಕಳು, ಒಬ್ಬ ಗಣಿತದ ಮೇಷ್ಟ್ರು. ನಿಮ್ಮ ದಾರಿ ತಪ್ಪೆನ್ನುವುದಿಲ್ಲ. ಐದು ವಾರಕ್ಕೆ ಅದು ಸಾಲದು ಎನ್ನುತ್ತೇನೆ.

ಚಿಂತಾಮಣಿ ಮೇಷ್ಟ್ರು

ಮೂರು ವಾರಗಳ ಸುದ್ದಿ ಬರೆಯುತ್ತಿದ್ದೇನೆ. ಇ-ಫ್ಲಾಟ್‌ಗೆ ಬದಲಿಸಿದ ಮರುದಿನವೇ ಪಲ್ಲವಿ ಕೈಗೆ ಬಂತು. ಕೆಳಸ್ಥಾಯಿಯ ಇಬ್ಬರು ಕ್ಲಾರಿನೆಟ್ ಹುಡುಗರು ಈಗ ಕೀರಲುವುದಿಲ್ಲ. ಮಂದ್ರ ಪಂಚಮದ ಸಾಲಿನಲ್ಲಿ ನಾಲ್ವರೂ ಒಟ್ಟಿಗೆ ಸೇರುವಾಗ ದನಿ ತುಂಬಿಕೊಳ್ಳುವುದು ನನಗೆ ಬಹಳ ಇಷ್ಟವಾಯಿತು.

ಒಂದು ವಿಚಿತ್ರ ಮಾತ್ರ ಇದೆ. ಮೊನ್ನೆ ಸ್ಯಾಕ್ಸೊಫೋನ್ ಸೇರಿದಾಗ ಎಂದಿಗಿಂತ ಬೇರೆಯಾಗಿ ಕೇಳಿತು. ಅಪಸ್ವರ ಎನ್ನಲಾಗದು, ಎರಡು ಪದರ ಇದ್ದಂತೆ ಇತ್ತು. ಮುಖ್ಯ ಶಿಕ್ಷಕರು ಚೆನ್ನಾಗಿದೆ ಎಂದರು. ಆದರೆ ಕೆಲವು ಜಾಗಗಳಲ್ಲಿ ಹಾಡುವ ಮಕ್ಕಳು ದಾರಿ ತಪ್ಪಿದರು. ಆ ಹುಡುಗಿ ತಪ್ಪು ಬೆರಳಿಟ್ಟದ್ದು ನನಗೆ ಕಾಣಲಿಲ್ಲ.

ತುಮಕೂರು ನಿವೃತ್ತ ಬ್ಯಾಂಡ್ ವಾದಕ

ಅವಳ ಮುಂದಿದ್ದ ಹಾಳೆ ಯಾವುದು ನೋಡಿ. ಕ್ಲಾರಿನೆಟ್‌ನ ಹಾಳೆ ಅವಳ ಕೈಗೆ ಹೋಗಿದ್ದರೆ ಹೀಗೆಯೇ ಕೇಳಬೇಕು. ಅದರಲ್ಲಿ ಷಡ್ಜ ಎಫ್. ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಎಫ್ ನುಡಿಸಿದರೆ ಒಂಬತ್ತು ಮನೆ ಕೆಳಗಿನ ಎ-ಫ್ಲಾಟ್ ಕೇಳುತ್ತದೆ. ಅದು ಉಳಿದವರ ಇ-ಫ್ಲಾಟ್‌ಗಿಂತ ಸರಿಯಾಗಿ ಐದನೆಯ ಸ್ವರದಷ್ಟು ಕೆಳಗೆ. ಅಂದರೆ ಅವಳ ಪಂಚಮದ ಮೇಲೆ ಉಳಿದವರ ಷಡ್ಜ ಕುಳಿತಿರುತ್ತದೆ. ತಂಬೂರಿಯ ಷಡ್ಜ ಪಂಚಮಗಳಿಗೆ ಒಗ್ಗಿದ ನಮ್ಮ ಕಿವಿ ಅದನ್ನು ಅಪಸ್ವರ ಎನ್ನುವುದಿಲ್ಲ. ಸಾಲದ್ದಕ್ಕೆ ನಿಮ್ಮ ಮೋಹನದ ಐದು ಸ್ವರಗಳಲ್ಲಿ ನಾಲ್ಕು ಅವಳ ಮೋಹನದಲ್ಲೂ ಇವೆ. ಬೇರೆಯಾಗುವುದು ನಿಮ್ಮ ಜಿ, ಅವಳ ಎ-ಫ್ಲಾಟ್, ಅಷ್ಟೆ. ಮಕ್ಕಳು ತಪ್ಪಿದ್ದು ಗಾಂಧಾರದ ಮೇಲೆ ನಿಲ್ಲುವ ಜಾಗದಲ್ಲಿ ಇರಬೇಕು.

ಇಂಥ ತಪ್ಪನ್ನು ಹಾಡಿನ ನಡುವೆ ಹಿಡಿಯುವುದು ಕಷ್ಟ. ತಾಲೀಮಿನ ಮೊದಲು ಪ್ರತಿಯೊಬ್ಬರಿಂದಲೂ ಅವರ ಹಾಳೆಯ ಮೊದಲ ಷಡ್ಜವನ್ನು ಕೀಬೋರ್ಡಿನ ಜೊತೆ ಒಬ್ಬೊಬ್ಬರಾಗಿ ಉದ್ದಕ್ಕೆ ನುಡಿಸಿ, ಮಾಪಕದಲ್ಲಿ ಇ-ಫ್ಲಾಟ್ ಬರುತ್ತದೆಯೇ ನೋಡಿ. ಹಾಳೆಯ ತಲೆಯಲ್ಲಿ ‘ಕ್ಲಾರಿನೆಟ್, ಬಿ-ಫ್ಲಾಟ್’, ‘ಆಲ್ಟೊ, ಇ-ಫ್ಲಾಟ್’ ಎಂದು ದೊಡ್ಡದಾಗಿ ಬರೆಯಿರಿ.

ಚಿಂತಾಮಣಿ ಮೇಷ್ಟ್ರು

ಅದೇ ಆಗಿತ್ತು ಗುರುಗಳೇ. ಅವಳ ಹಾಳೆ ಮಳೆಯಲ್ಲಿ ನೆನೆದಿದ್ದರಿಂದ ಗೆಳತಿಯ ಹಾಳೆಯನ್ನು ನಕಲು ಮಾಡಿಕೊಂಡಿದ್ದಳು. ಮಕ್ಕಳು ತಪ್ಪಿದ್ದೂ ಗಾಂಧಾರದಲ್ಲೇ. ಹೊಸ ಹಾಳೆ ಕೊಟ್ಟಿದ್ದೇನೆ.

ಕೆಜಿಎಫ್ ಓದುಗ

ಮುದ್ರೆ ಇದ್ದ ಜಾಗ ಸವೆದುಹೋಗಿದೆ, ಓದಲಾಗುತ್ತಿಲ್ಲ. ಮಾಪಕದಲ್ಲಿ ಐದು ಸ್ವರ ನೋಡಿದೆ. ನಾಲ್ಕು ಸ್ವರಗಳು 40ರಿಂದ 50 ಸೆಂಟ್‌ನಷ್ಟು ಏರಿವೆ, ಒಂದು ಮಾತ್ರ 25. ಬಾಯಿಭಾಗದ ಕೆಳಗಿನ ತುಂಡನ್ನು ಎಳೆದು ಸರಿಮಾಡಬಹುದೇ?

ತುಮಕೂರು ನಿವೃತ್ತ ಬ್ಯಾಂಡ್ ವಾದಕ

ಅಷ್ಟು ಎಳೆದರೆ ಮೇಲಿನ ರಂಧ್ರಗಳ ಸ್ವರಗಳು ಹೆಚ್ಚು ಇಳಿದು, ಕೆಳಗಿನವು ಕಡಿಮೆ ಇಳಿದು, ವಾದ್ಯ ತನ್ನೊಳಗೇ ಬೇಸುರಾಗುತ್ತದೆ. ಏರು ಶ್ರುತಿಯ ವಾದ್ಯ ಎಂದೇ ನನಗೆ ಅನಿಸುತ್ತದೆ, ಆದರೆ ಆ 25 ತೋರಿಸುವ ಸ್ವರ ಯಾವುದು? ಅಲ್ಲಿ ಪ್ಯಾಡ್ ಪೂರ್ತಿ ತೆರೆಯದಿದ್ದರೂ ಹಾಗಾಗುತ್ತದೆ. ಮೊದಲು ಪ್ಯಾಡ್‌ಗಳನ್ನು ನೋಡಿಸಿ. ನಿಮ್ಮ ಕೀಬೋರ್ಡಿನ ಮೂಲ ಶ್ರುತಿಯನ್ನು 440ರಿಂದ 452ಕ್ಕೆ ಏರಿಸಲು ಆಗುತ್ತದೆಯೇ ಎಂದೂ ನೋಡಿ. ಆಗುವುದಾದರೆ ತಾತನ ವಾದ್ಯವನ್ನು ಹಾಗೆಯೇ ಬಿಟ್ಟು ಕೀಬೋರ್ಡನ್ನೇ ಅದರ ಬಳಿಗೆ ಕರೆತರಬಹುದು.

ಕೆಜಿಎಫ್ ಓದುಗ

ಬರೆದ ಬಿ-ಫ್ಲಾಟ್, ನಡು ಸ್ಥಾಯಿಯದು. ಭಾನುವಾರ ಪ್ಯಾಡ್ ತೋರಿಸಿ ಬಂದು ಬರೆಯುತ್ತೇನೆ.